ತುಪ್ಪದ ಅಂಕಿಗಳು ಒಂದಕ್ಕೊಂದು ಒಪ್ಪುತ್ತವೆಯೇ?

ಕೇಳುಗರಿಗೆಲ್ಲ ನಮಸ್ಕಾರ.

ತುಪ್ಪಕ್ಕೆ ಬರೀ ವನಸ್ಪತಿ ಬೆರೆಸಿದರೆ ಪ್ರಯೋಗಾಲಯದಲ್ಲಿ ಅದನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಬರೀ ಕೊಬ್ಬರಿ ಎಣ್ಣೆ ಬೆರೆಸಿದರೂ ಸಿಕ್ಕಿಬೀಳುತ್ತದೆ. ಆದರೆ ಎರಡನ್ನೂ ಸಮವಾಗಿ ಸೇರಿಸಿ, ಆ ಮಿಶ್ರಣವನ್ನು ತುಪ್ಪಕ್ಕೆ ಹಾಕಿದರೆ? ಆಗ ಹೆಸರುವಾಸಿಯಾದ ಎರಡು ಪರೀಕ್ಷೆಗಳು ಒಟ್ಟಿಗೇ ಮೋಸಹೋಗುತ್ತವೆ. ಅದು ಹೇಗೆ, ಆಮೇಲೆ ಅದನ್ನು ಹಿಡಿಯುವ ದಾರಿ ಯಾವುದು ಎಂಬುದನ್ನು ಇವತ್ತು ಹೇಳುತ್ತೇನೆ.

ಮೊದಲನೆಯದು ಬೆಳಕಿನ ಪರೀಕ್ಷೆ. ಗಾಳಿಯಿಂದ ಎಣ್ಣೆಯೊಳಗೆ ಹೋಗುವಾಗ ಬೆಳಕು ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದರ ಅಳತೆಯೇ ವಕ್ರೀಭವನ ಸೂಚ್ಯಂಕ. ತುಪ್ಪಕ್ಕೆ ಇದು ಸುಮಾರು 1.453. ದಶಮಾಂಶದ ಮೂರನೇ, ನಾಲ್ಕನೇ ಸ್ಥಾನದಲ್ಲಿ ಆಗುವ ಬದಲಾವಣೆ ಓದುವುದು ತ್ರಾಸ. ಅದಕ್ಕೇ ಬೆಣ್ಣೆ ತುಪ್ಪಗಳಿಗಾಗಿ ಬ್ಯುಟಿರೋ ರಿಫ್ರಾಕ್ಟೋಮೀಟರ್ ಎಂಬ ಉಪಕರಣ ಇದೆ. ಅದರ ಅಳತೆಪಟ್ಟಿ ಸೊನ್ನೆಯಿಂದ ನೂರರವರೆಗೆ. ಲ್ಯಾಬಿನಲ್ಲಿ ನಾವು ಇದನ್ನು ಬಿ.ಆರ್. ರೀಡಿಂಗ್ ಅಂತ ಕರೆಯುತ್ತೇವೆ.

ಎರಡು ಪ್ರಿಸಂಗಳ ನಡುವೆ ಕರಗಿಸಿ ಸೋಸಿದ ತುಪ್ಪದ ಒಂದೆರಡು ಹನಿ ಬಿಟ್ಟು ಮುಚ್ಚಬೇಕು. ಸುತ್ತ 40 ಡಿಗ್ರಿ ಸೆಲ್ಸಿಯಸ್ ನೀರು ಹರಿಯುತ್ತಿರಬೇಕು. ಕಣ್ಣಿಟ್ಟು ನೋಡಿದರೆ ಬೆಳಕು ಮತ್ತು ನೆರಳಿನ ನಡುವೆ ಒಂದು ಗೆರೆ ಕಾಣುತ್ತದೆ. ಅದು ಪಟ್ಟಿಯ ಮೇಲೆ ಎಲ್ಲಿ ನಿಂತಿದೆಯೋ ಅದೇ ರೀಡಿಂಗ್. ಒಳ್ಳೆಯ ತುಪ್ಪದ ಗೆರೆ ಸಾಮಾನ್ಯವಾಗಿ 40ರಿಂದ 43ರ ನಡುವೆ ನಿಲ್ಲುತ್ತದೆ. ಕೊಬ್ಬರಿ ಎಣ್ಣೆಯದು 35ರ ಹತ್ತಿರ. ವನಸ್ಪತಿಯದು 48 ಅಥವಾ ಅದಕ್ಕೂ ಮೇಲೆ. ಸೂರ್ಯಕಾಂತಿ ಎಣ್ಣೆಯದು ಇನ್ನೂ ಜಾಸ್ತಿ, 57 ದಾಟುತ್ತದೆ.

ಇಲ್ಲಿ ಎಡವಟ್ಟಾಗುವುದು ಎರಡು ಕಡೆ. ಒಂದು, ಉಷ್ಣತೆ. ನೀರು ಒಂದು ಡಿಗ್ರಿ ಹೆಚ್ಚು ಬಿಸಿ ಇದ್ದರೆ ರೀಡಿಂಗ್ ಅರ್ಧ ಅಂಕಕ್ಕಿಂತ ಸ್ವಲ್ಪ ಹೆಚ್ಚು ಇಳಿದುಬಿಡುತ್ತದೆ. ಆ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸಬೇಕು. ಇನ್ನೊಂದು, ಮಾದರಿ ತೆಗೆಯುವ ರೀತಿ. ಹರಳುಗಟ್ಟಿದ ತುಪ್ಪವನ್ನು ನೀವು ನೋಡಿರುತ್ತೀರಿ. ಕೆಳಗೆ ಹರಳು, ಮೇಲೆ ತಿಳಿ. ಮೇಲಿನ ತಿಳಿಯನ್ನಷ್ಟೇ ತೆಗೆದು ಪರೀಕ್ಷಿಸಿದರೆ ರೀಡಿಂಗ್ ಇರಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ, ಏಕೆಂದರೆ ಗಟ್ಟಿಯಾಗದೆ ಉಳಿಯುವ ಕೊಬ್ಬು ಬೆಳಕನ್ನು ಜಾಸ್ತಿ ಬಾಗಿಸುತ್ತದೆ. ಡಬ್ಬಿಯ ತುಪ್ಪವನ್ನೆಲ್ಲ ಕರಗಿಸಿ, ಚೆನ್ನಾಗಿ ಕಲಸಿದ ಮೇಲೆಯೇ ಮಾದರಿ ತೆಗೆಯಬೇಕು. ಇದನ್ನು ಬಿಟ್ಟರೆ ಪ್ರಾಮಾಣಿಕ ವ್ಯಾಪಾರಿಯ ಮೇಲೆ ಸುಮ್ನೆ ಅಪವಾದ ಹೊರಿಸಿದಂತಾಗುತ್ತದೆ.

ಎರಡನೆಯದು ಸಾಬೂನೀಕರಣ ಮೌಲ್ಯ. ಎಣ್ಣೆಗೆ ಕ್ಷಾರ ಹಾಕಿ ಕುದಿಸಿದರೆ ಸೋಪು ಆಗುತ್ತದೆ, ಅಲ್ವಾ? ಒಂದು ಗ್ರಾಂ ಕೊಬ್ಬು ಪೂರ್ತಿ ಸೋಪಾಗಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಎಂಬುದೇ ಈ ಮೌಲ್ಯ. ಕೊಬ್ಬಿನ ಅಣುಗಳು ಚಿಕ್ಕವಿದ್ದಷ್ಟೂ ಕ್ಷಾರ ಜಾಸ್ತಿ ಬೇಕು. ಒಂದು ಕಿಲೋ ಏಲಕ್ಕಿ ಬಾಳೆಹಣ್ಣು ತೂಗಿಸಿದರೆ ಒಂದು ಕಿಲೋ ಪಚ್ಚಬಾಳೆಗಿಂತ ಹೆಚ್ಚು ಹಣ್ಣು ಬರುವ ಹಾಗೆ, ಒಂದು ಗ್ರಾಮಿನಲ್ಲಿ ಚಿಕ್ಕ ಅಣುಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಇಂಥ ಚಿಕ್ಕ ಆಮ್ಲಗಳು ತುಂಬಾ ಇವೆ. ಹಾಗಾಗಿ ಅದರ ಮೌಲ್ಯ 250ಕ್ಕೂ ಮೇಲೆ. ತುಪ್ಪದ್ದು 220ರಿಂದ 235ರ ಆಸುಪಾಸು. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳದು 190ರ ಹತ್ತಿರ. ಖನಿಜ ಎಣ್ಣೆ, ಅಂದರೆ ಲಿಕ್ವಿಡ್ ಪ್ಯಾರಾಫಿನ್, ಸೋಪೇ ಆಗುವುದಿಲ್ಲ. ಅದರ ಮೌಲ್ಯ ಸೊನ್ನೆ.

ಒಂದು ಲೆಕ್ಕ ಮಾಡಿ ನೋಡೋಣ. ಸರಿಯಾಗಿ 2 ಗ್ರಾಂ ತುಪ್ಪ ತೂಗಿ ಫ್ಲಾಸ್ಕಿಗೆ ಹಾಕಿದೆವು. ಆಲ್ಕೋಹಾಲಿನಲ್ಲಿ ಕರಗಿಸಿದ ಅರ್ಧ ನಾರ್ಮಲ್ ಕ್ಷಾರವನ್ನು 25 ಮಿಲಿಲೀಟರ್ ಅಳೆದು ಸೇರಿಸಿದೆವು. ಮೇಲೆ ಕಂಡೆನ್ಸರ್ ಇಟ್ಟು, ನೀರಿನ ಪಾತ್ರೆಯ ಮೇಲೆ ಒಂದು ಗಂಟೆ ಕುದಿಸಿದೆವು. ಪಕ್ಕದಲ್ಲೇ ತುಪ್ಪ ಹಾಕದ ಇನ್ನೊಂದು ಫ್ಲಾಸ್ಕನ್ನೂ ಅಷ್ಟೇ ಹೊತ್ತು ಕುದಿಸಬೇಕು. ಇದು ಬ್ಲ್ಯಾಂಕ್. ಆಮೇಲೆ ಎರಡಕ್ಕೂ ಫೀನಾಲ್ಫ್ಥಲೀನ್ ಹಾಕಿ, ಗುಲಾಬಿ ಬಣ್ಣ ಹೋಗುವವರೆಗೆ ಅರ್ಧ ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಬಿಡಬೇಕು. ಬ್ಲ್ಯಾಂಕಿಗೆ 24.6 ಮಿಲಿಲೀಟರ್ ಆಮ್ಲ ಹಿಡಿಯಿತು, ತುಪ್ಪಕ್ಕೆ 8.5 ಹಿಡಿಯಿತು ಎಂದುಕೊಳ್ಳಿ. ವ್ಯತ್ಯಾಸ 16.1. ಇದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಅಣುತೂಕವಾದ 56.1ರಿಂದ, ಮತ್ತೆ ಆಮ್ಲದ ನಾರ್ಮಲ್ ಅಂಕಿಯಾದ ಅರ್ಧದಿಂದ ಗುಣಿಸಿ, 2 ಗ್ರಾಮಿನಿಂದ ಭಾಗಿಸಿದರೆ ಸುಮಾರು 226 ಬರುತ್ತದೆ. ತುಪ್ಪಕ್ಕೆ ಒಪ್ಪುವ ಅಂಕಿ. ಬ್ಯೂರೆಟ್ ಓದುವಾಗ ಒಂದು ಮಿಲಿಲೀಟರ್ ತಪ್ಪಿದರೆ ಉತ್ತರ 14ರಷ್ಟು ಆಚೀಚೆ ಆಗುತ್ತದೆ. ಕುದಿಸುವುದು ಸಾಲದೆ ಸ್ವಲ್ಪ ಕೊಬ್ಬು ಹಾಗೇ ಉಳಿದರೂ ಅಂಕಿ ಕಡಿಮೆ ಬಂದು, ಒಳ್ಳೆಯ ತುಪ್ಪ ಕಲಬೆರಕೆಯಂತೆ ಕಾಣುತ್ತದೆ.

ಈಗ ಆ ಜಾಣ ಬೆರಕೆಗೆ ಬರೋಣ. ವನಸ್ಪತಿಯ ಬಿ.ಆರ್. 48, ಕೊಬ್ಬರಿ ಎಣ್ಣೆಯದು 35. ಅರ್ಧರ್ಧ ಸೇರಿಸಿದರೆ ಸರಾಸರಿ 41.5. ತುಪ್ಪದ್ದೂ ಅದೇ! ವನಸ್ಪತಿಯ ಸಾಬೂನೀಕರಣ ಮೌಲ್ಯ ಸುಮಾರು 195, ಕೊಬ್ಬರಿ ಎಣ್ಣೆಯದು 255. ಅರ್ಧರ್ಧ ಸೇರಿಸಿದರೆ 225. ಅದೂ ತುಪ್ಪದ್ದೇ! ಎರಡೂ ಪರೀಕ್ಷೆಗಳು ಅಳೆಯುವುದು ಮಾದರಿಯ ಸರಾಸರಿಯನ್ನು ಮಾತ್ರ. ಒಳಗೆ ಯಾವ ಕೊಬ್ಬು ಇದೆ ಎಂದು ಅವು ಹೇಳುವುದಿಲ್ಲ. ಒಂದು ಎಣ್ಣೆ ಅಂಕಿಯನ್ನು ಮೇಲೆಳೆದರೆ ಇನ್ನೊಂದು ಕೆಳಗೆಳೆಯುತ್ತದೆ. ಗೆರೆ ಇದ್ದಲ್ಲೇ ಇರುತ್ತದೆ.

ಬಣ್ಣದ ಪರೀಕ್ಷೆ ಬೇಕಾಗುವುದು ಇಲ್ಲೇ. ಅದು ಸರಾಸರಿ ಹುಡುಕುವುದಿಲ್ಲ, ಒಂದು ನಿರ್ದಿಷ್ಟ ಪದಾರ್ಥವನ್ನೇ ಹುಡುಕುತ್ತದೆ. ನಮ್ಮ ದೇಶದಲ್ಲಿ ವನಸ್ಪತಿಗೆ ಕನಿಷ್ಠ ನೂರಕ್ಕೆ 5ರಷ್ಟು ಎಳ್ಳೆಣ್ಣೆ ಸೇರಿಸಬೇಕೆಂಬ ನಿಯಮ ತಂದದ್ದು ತುಪ್ಪದಲ್ಲಿ ಸೇರಿದಾಗ ಗುರುತು ಸಿಗಲಿ ಎಂದೇ. ಬಾಡೌಯಿನ್ ಪರೀಕ್ಷೆ ಈ ಗುರುತನ್ನು ಹಿಡಿಯುತ್ತದೆ. ಕರಗಿಸಿದ ತುಪ್ಪ 5 ಮಿಲಿಲೀಟರ್, ಗಾಢ ಹೈಡ್ರೋಕ್ಲೋರಿಕ್ ಆಮ್ಲ 5 ಮಿಲಿಲೀಟರ್, ಅದಕ್ಕೆ ಆಲ್ಕೋಹಾಲಿನಲ್ಲಿ ಕರಗಿಸಿದ ಶೇಕಡಾ 2ರ ಫರ್ಫ್ಯೂರಲ್ ಕೆಲವು ಹನಿ. ಎರಡು ನಿಮಿಷ ಕುಲುಕಿ ಹಾಗೇ ಇಡಬೇಕು. ಎಳ್ಳೆಣ್ಣೆ ಇದ್ದರೆ ಕೆಳಗಿನ ಆಮ್ಲದ ಪದರ ಕೆಂಪು ಗುಲಾಬಿಯಾಗುತ್ತದೆ. ಅಲ್ಲಿಗೇ ನಿಲ್ಲಿಸಬಾರದು. 5 ಮಿಲಿಲೀಟರ್ ನೀರು ಹಾಕಿ ಮತ್ತೆ ಕುಲುಕಬೇಕು. ಬಣ್ಣ ಉಳಿದರೆ ಮಾತ್ರ ಎಳ್ಳೆಣ್ಣೆ ಇದೆ ಎಂದರ್ಥ. ತುಪ್ಪಕ್ಕೆ ಹಳದಿ ಬರಲೆಂದು ಹಾಕಿದ ಕೃತಕ ಬಣ್ಣ ಕೆಲವೊಮ್ಮೆ ಆಮ್ಲದಲ್ಲೇ ಕೆಂಪಾಗುತ್ತದೆ. ಹಾಗಾಗಿ ಫರ್ಫ್ಯೂರಲ್ ಹಾಕದ ಇನ್ನೊಂದು ಕೊಳವೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಆಮ್ಲಕ್ಕೆ ಸಕ್ಕರೆ ಹಾಕಿ ಮನೆಯಲ್ಲೇ ಇದನ್ನು ಮಾಡಿ ಎಂದು ಹೇಳುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಗಾಢ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಶ್ವಾಸಕ್ಕೆ ಕೆಟ್ಟದ್ದು, ಹನಿ ಬಿದ್ದರೆ ಕಣ್ಣಿಗೂ ಚರ್ಮಕ್ಕೂ ಅಪಾಯ. ಅಡುಗೆಮನೆ ಅದರ ಜಾಗ ಅಲ್ಲವೇ ಅಲ್ಲ.

ಕಲಬೆರಕೆ ಮಾಡುವವನು ವನಸ್ಪತಿ ಬಿಟ್ಟು ತಾಳೆ ಎಣ್ಣೆ ತಂದರೆ ಈ ಬಣ್ಣವೂ ಬರುವುದಿಲ್ಲ, ಏಕೆಂದರೆ ಅದರಲ್ಲಿ ಎಳ್ಳೆಣ್ಣೆಯ ಗುರುತೇ ಇಲ್ಲ. ಹಾಗಾಗಿ ಬಾಡೌಯಿನ್ ಪರೀಕ್ಷೆಯಲ್ಲಿ ಬಣ್ಣ ಬರಲಿಲ್ಲ ಎಂದರೆ ತುಪ್ಪ ಶುದ್ಧ ಎಂದಲ್ಲ, ಎಳ್ಳೆಣ್ಣೆ ಸಿಗಲಿಲ್ಲ ಎಂದಷ್ಟೇ.

ಇನ್ನೊಂದು ಬಣ್ಣದ ಪರೀಕ್ಷೆ ಹಾಲ್ಫೆನ್. ಇದು ಹತ್ತಿಕಾಳು ಎಣ್ಣೆಗೆ. ಗಂಧಕ ಕರಗಿಸಿದ ದ್ರಾವಣ ಸೇರಿಸಿ ಬಿಸಿ ಮಾಡಿದಾಗ ಕೆಂಪು ಬಂದರೆ ಹತ್ತಿಕಾಳು ಎಣ್ಣೆ ಇದೆ ಎನ್ನುತ್ತಾರೆ. ಈ ಪರೀಕ್ಷೆಯ ಬಗ್ಗೆ ಉತ್ತರ ಕರ್ನಾಟಕದ ಕೇಳುಗರು ಗಮನಿಸಬೇಕಾದ ಮಾತೊಂದಿದೆ. ಹತ್ತಿ ಬೆಳೆಯುವ ಕಡೆ ಎಮ್ಮೆ, ಹಸುಗಳಿಗೆ ಹತ್ತಿಕಾಳು ತಿನ್ನಿಸುತ್ತಾರೆ. ಅಂಥ ಹಾಲಿನ ತುಪ್ಪ ಪೂರ್ತಿ ಅಸಲಿಯಾಗಿದ್ದರೂ ಹಾಲ್ಫೆನ್ ಪರೀಕ್ಷೆಯಲ್ಲಿ ಕೆಂಪಾಗಬಹುದು. ಅದರ ಬಿ.ಆರ್. ಕೂಡ ಮೇಲೇರುತ್ತದೆ, 44, 45ರವರೆಗೂ ಹೋಗಬಹುದು. ಬೆಂಗಳೂರಿನ ಲ್ಯಾಬಿನಲ್ಲಿ ಕುಳಿತವರಿಗೆ ಆ ಎಮ್ಮೆ ಏನು ತಿಂದಿದೆ ಎಂದು ಗೊತ್ತಿಲ್ಲದಿದ್ದರೆ, ರೈತನ ಮನೆಯ ತುಪ್ಪವೇ ಕಲಬೆರಕೆಯಾಗಿ ಕಂಡೀತು. ಹತ್ತಿ ಪ್ರದೇಶದ ತುಪ್ಪಕ್ಕೆ ಹಿಂದೆ ನಿಯಮದಲ್ಲೇ ಬೇರೆ ಮಿತಿಗಳನ್ನು ಇಟ್ಟಿದ್ದು ಇದೇ ಕಾರಣಕ್ಕೆ.

ಹಾಗಾದರೆ ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಸೇರಿಸಿದ ಬೆರಕೆಯನ್ನು ಹಿಡಿಯುವುದು ಹೇಗೆ? ತುಪ್ಪಕ್ಕೆ ಮಾತ್ರ ಇರುವ ಒಂದು ಗುಣ ಇದೆ. ಅದರಲ್ಲಿ ಬ್ಯುಟಿರಿಕ್ ಆಮ್ಲ ಇದೆ. ಬಿಸಿ ಮಾಡಿದರೆ ಆವಿಯಾಗುತ್ತದೆ, ನೀರಿನಲ್ಲಿ ಕರಗುತ್ತದೆ. 5 ಗ್ರಾಂ ತುಪ್ಪವನ್ನು ಸೋಪು ಮಾಡಿ, ಆಮ್ಲ ಹಾಕಿ, ಭಟ್ಟಿ ಇಳಿಸಿ, ಹೀಗೆ ಹೊರಬಂದು ನೀರಿನಲ್ಲಿ ಕರಗಿದ ಆಮ್ಲವನ್ನು ಅಳೆಯುತ್ತಾರೆ. ಇದು ರೈಷರ್ಟ್ ಮೈಸ್ಲ್ ಮೌಲ್ಯ, ಆರ್.ಎಂ. ಎಂದು ಕರೆಯುತ್ತೇವೆ. ಒಳ್ಳೆಯ ತುಪ್ಪದಲ್ಲಿ ಇದು 28ರ ಆಸುಪಾಸು, ಅದಕ್ಕೂ ಮೇಲೂ ಇರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ 7ರಷ್ಟು. ತಾಳೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಆವಿಯಾಗಿ ಬಂದರೂ ನೀರಿನಲ್ಲಿ ಕರಗದ ಆಮ್ಲಗಳನ್ನು ಬೇರೆಯಾಗಿ ಅಳೆದರೆ ಅದು ಪೊಲೆನ್ಸ್ಕೆ ಮೌಲ್ಯ. ತುಪ್ಪದಲ್ಲಿ 1ರಿಂದ 2, ಕೊಬ್ಬರಿ ಎಣ್ಣೆಯಲ್ಲಿ 13ಕ್ಕೂ ಮೇಲೆ.

ತುಪ್ಪಕ್ಕೆ ನೂರಕ್ಕೆ 30ರಷ್ಟು ಆ ಜಾಣ ಬೆರಕೆ ಹಾಕಿದ್ದಾರೆ ಎಂದುಕೊಳ್ಳಿ. ಬಿ.ಆರ್. 41.5ರ ಹತ್ತಿರವೇ ಉಳಿಯಿತು. ಸಾಬೂನೀಕರಣ ಮೌಲ್ಯ 227. ಎರಡೂ ಪಾಸು. ಆದರೆ ಆರ್.ಎಂ. 29ರಿಂದ 21ಕ್ಕೆ ಇಳಿಯಿತು, ಪೊಲೆನ್ಸ್ಕೆ ಒಂದೂವರೆಯಿಂದ 3 ದಾಟಿತು. ಇದು ಹತ್ತಿಕಾಳು ತಿಂದ ಎಮ್ಮೆಯ ತುಪ್ಪ ಸ್ವಾಮಿ, ಅದಕ್ಕೇ ಆರ್.ಎಂ. ಕಡಿಮೆ ಎಂದು ಮಾರುವವನು ವಾದಿಸಬಹುದು. ಹತ್ತಿಕಾಳು ತಿಂದರೆ ಆರ್.ಎಂ. ಇಳಿಯುವುದು ನಿಜ. ಆದರೆ ಆಗ ಬಿ.ಆರ್. ಏರಬೇಕಿತ್ತು. ಇಲ್ಲಿ ಏರಿಲ್ಲ. ಪೊಲೆನ್ಸ್ಕೆ ಹೀಗೆ ಏರಲು ಹತ್ತಿಕಾಳು ಕಾರಣವೂ ಅಲ್ಲ. ಆರ್.ಎಂ. ಇಳಿದಿದೆ, ಬಿ.ಆರ್. ಅಲುಗಿಲ್ಲ, ಪೊಲೆನ್ಸ್ಕೆ ಏರಿದೆ ಎಂದರೆ ಕೊಬ್ಬರಿ ಎಣ್ಣೆಯ ಮೇಲೆ ಬಲವಾದ ಅನುಮಾನ ಬರಲೇಬೇಕು. ನನ್ನ ಪ್ರಕಾರ ವಿಶ್ಲೇಷಕನ ಅಸಲಿ ಕೆಲಸ ಇಲ್ಲಿದೆ. ಒಂದೊಂದು ಅಂಕಿಯನ್ನು ಮಿತಿಯ ಪಕ್ಕ ಇಟ್ಟು ಟಿಕ್ ಹಾಕಿದರೆ ಸಾಲದು. ಅಂಕಿಗಳು ಒಂದಕ್ಕೊಂದು ಒಪ್ಪುತ್ತವೆಯೇ ಎಂದು ನೋಡಬೇಕು.

ಬೆರಕೆ ನೂರಕ್ಕೆ ಐದೋ ಹತ್ತೋ ಮಾತ್ರ ಇದ್ದರೆ ಈ ಹಳೆಯ ಪರೀಕ್ಷೆಗಳಿಗೆ ಅದು ಸಿಗದೇ ಹೋಗಬಹುದು. ತುಪ್ಪದಿಂದ ತುಪ್ಪಕ್ಕೇ ಅಷ್ಟು ವ್ಯತ್ಯಾಸ ಸಹಜವಾಗಿ ಇರುತ್ತದೆ. ಆಗ ಕೊಬ್ಬಿನ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಬೇಕು. ಸೋಪಾಗದೆ ಉಳಿಯುವ ಭಾಗದಲ್ಲಿ ಬೀಟಾ ಸಿಟೋಸ್ಟೆರಾಲ್ ಎಂಬ ಸಸ್ಯದ ಸ್ಟೆರಾಲ್ ಕಂಡರೆ ಸಸ್ಯದ ಎಣ್ಣೆ ಸೇರಿದೆ ಎಂದು ತಿಳಿಯುತ್ತದೆ. ತುಪ್ಪದ ಮುಖ್ಯ ಸ್ಟೆರಾಲ್ ಎಂದರೆ ಕೊಲೆಸ್ಟೆರಾಲ್.

ನೀವು ಕೊಂಡ ತುಪ್ಪದ ಮೇಲೆ ಅನುಮಾನ ಇದ್ದರೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಪರೀಕ್ಷೆ ಮಾಡಿಸುವ ಉದ್ದೇಶ ಇದೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಕಲಬೆರಕೆ ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ವರದಿ ಕೈಗೆ ಬಂದಾಗ ಬಿ.ಆರ್. ಒಂದನ್ನೇ ನೋಡಬೇಡಿ, ಆರ್.ಎಂ. ಮತ್ತು ಪೊಲೆನ್ಸ್ಕೆ ಅಂಕಿಗಳನ್ನೂ ಕೇಳಿ ಪಡೆದು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮಸ್ಕಾರ.