ತ್ರಿಕೋನದ ತುದಿ ಎಲ್ಲಿ ಹೋಯ್ತು?

ಇದು ನಮ್ಮ ಮನೆಯ ತಾರಸಿ. ಎರಡು ಸ್ಟೂಲಿನ ನಡುವೆ ನಿಂತಿರುವುದು ನನ್ನ ಸೇತುವೆ. 30 ಮೀಟರಿನ ವಾರೆನ್ ಟ್ರಸ್ಸನ್ನು ಒಂದೂವರೆ ಮೀಟರಿಗೆ ಇಳಿಸಿದ್ದೇನೆ. ಅಲ್ಯೂಮಿನಿಯಂ ಪಟ್ಟಿ, ನಟ್ಟು, ಬೋಲ್ಟು, ಅಷ್ಟೇ. ಉದ್ದಕ್ಕೂ ಬರೀ ತ್ರಿಕೋನಗಳು. ಕೆಳಗಡೆ 25 ಸೆಂಟಿಮೀಟರಿಗೊಂದು ಜಾಯಿಂಟು, ಎತ್ತರವೂ 25. ಮೇಲಿನ ಜಾಯಿಂಟು ಮಾತ್ರ ಕೆಳಗಿನ ಎರಡರ ನಟ್ಟನಡುವೆ ಬರುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈ ಕಡೆಯ ಟ್ರಸ್ಸಿನ ಕೆಳಸಾಲಿನಲ್ಲಿ, ಅಂದರೆ ಬಾಟಮ್ ಕಾರ್ಡಿನಲ್ಲಿ, ಎಡದಿಂದ ಮೂರನೇ ಪಟ್ಟಿ ಇಲ್ಲ. ಅದರ ಜಾಗದಲ್ಲಿ ಲಗೇಜ್ ತೂಗುವ ತಕ್ಕಡಿ ಸಿಕ್ಕಿಸಿದ್ದೇನೆ. ಎರಡೂ ತುದಿಯಲ್ಲಿ ಸುಮ್ನೆ ಕೂತಿರುವ ಇಂಥ ಸೇತುವೆಯ ಮೇಲೆ ಭಾರ ಎಲ್ಲೇ ಇಡಿ, ಬಾಟಮ್ ಕಾರ್ಡ್ ಎಳೆಸಿಕೊಳ್ಳುತ್ತದೆಯೇ ಹೊರತು ಒತ್ತಿಸಿಕೊಳ್ಳುವುದಿಲ್ಲ. ಹಾಗಾಗಿ ತಕ್ಕಡಿ ಸಾಕು. ಓರೆ ಪಟ್ಟಿಯಲ್ಲಾಗಿದ್ದರೆ ಈ ಆಟ ನಡೆಯುತ್ತಿರಲಿಲ್ಲ, ಭಾರ ಸರಿದಂತೆ ಅಲ್ಲಿ ಎಳೆತ ಹೋಗಿ ಒತ್ತಡ ಬಂದುಬಿಡಬಹುದು.

ಭಾರ ಅಂದರೆ ಕಿರಾಣಿ ಅಂಗಡಿಯಿಂದ ತಂದ ಎರಡು ತೂಕದ ಕಲ್ಲು, ಒಟ್ಟು 10 ಕೆ.ಜಿ. ಎರಡು ಟ್ರಸ್ಸಿಗೆ ಹಂಚಿದರೆ ಒಂದಕ್ಕೆ 5. ಕಲ್ಲನ್ನು ಎಡದಿಂದ ಬಲಕ್ಕೆ ಸರಿಸುತ್ತಾ, ಅದು ಎಲ್ಲಿದ್ದಾಗ ಈ ಒಂದೇ ಪಟ್ಟಿಯಲ್ಲಿ ಎಷ್ಟು ಎಳೆತ ಅಂತ ಬರೆದುಕೊಂಡು ಹೋಗುವುದು. ಆ ಅಂಕಿಗಳನ್ನು ಜೋಡಿಸಿದ ಗೆರೆಯೇ ಇನ್‌ಫ್ಲುಯೆನ್ಸ್ ಲೈನ್.

ಬೆಳಿಗ್ಗೆ ಪೂರ್ತಿ ಹಾಳಾಯ್ತು. ತಕ್ಕಡಿಯ ಅಂಕಿ ಎಲ್ಲಾ ಕಡಿಮೆ ಬರುತ್ತಿತ್ತು. ಆಮೇಲೆ ನೋಡಿದರೆ ಎರಡೂ ಸ್ಟೂಲು ಸೇತುವೆಯ ತುದಿಗಳನ್ನು ಕಚ್ಚಿ ಹಿಡಿದಿದ್ದವು, ಎಳೆತದ ಒಂದು ಪಾಲನ್ನು ಅವೇ ತಿನ್ನುತ್ತಿದ್ದವು. ಬಲತುದಿಯ ಕೆಳಗೆ ಒಂದು ದುಂಡನೆ ಪೆನ್ಸಿಲ್ ಇಟ್ಟೆ. ಸರಿಹೋಯ್ತು. ನಿಜವಾದ ಸೇತುವೆಯಲ್ಲಿ ರೋಲರ್ ಬೇರಿಂಗ್ ತುಕ್ಕು ಹಿಡಿದು ಕೂತರೂ ಹೀಗೇ ಆಗುತ್ತದೆ.

ಈಗ ಲೆಕ್ಕ. ಮೂರನೇ ಪಟ್ಟಿಯ ಎಡತುದಿ 50 ಸೆಂಟಿಮೀಟರಿನಲ್ಲಿ, ಬಲತುದಿ 75ರಲ್ಲಿ. ಅದರ ನೆತ್ತಿಯ ಮೇಲಿನ ಜಾಯಿಂಟು 62.5ರಲ್ಲಿ. ಆ ಜಾಯಿಂಟಿನ ಬಲಕ್ಕೆ ಟ್ರಸ್ಸನ್ನು ಕತ್ತರಿಸಿದೆವು ಅಂದುಕೊಳ್ಳಿ. ಕತ್ತರಿಸಿಕೊಂಡ ಮೂರು ಪಟ್ಟಿಗಳಲ್ಲಿ ಮೇಲಿನದೂ ಓರೆಯದೂ ಅದೇ ಜಾಯಿಂಟಿನಲ್ಲಿ ಸೇರುತ್ತವೆ. ಅಲ್ಲಿಂದ ಮೊಮೆಂಟ್, ಅಂದರೆ ಬಲವನ್ನು ದೂರದಿಂದ ಗುಣಿಸಿದ್ದು, ತೆಗೆದರೆ ನಮ್ಮ ಪಟ್ಟಿಯೊಂದೇ ಉಳಿಯುತ್ತದೆ. ಮೊಮೆಂಟನ್ನು ಎತ್ತರದಿಂದ ಭಾಗಿಸಿದರೆ ಎಳೆತ ಸಿಕ್ಕಿತು.

ಕಲ್ಲು 75ರಲ್ಲಿ, ಅಂದರೆ ಸೇತುವೆಯ ಮಧ್ಯದಲ್ಲಿ. ಎಡ ಸ್ಟೂಲಿಗೆ ಅರ್ಧ ಭಾರ, 2.5. ಅದನ್ನು 62.5ರಿಂದ ಗುಣಿಸಿ 25ರಿಂದ ಭಾಗಿಸಿದರೆ 6.25. ತಕ್ಕಡಿ 6.2 ತೋರಿಸುತ್ತಿದೆ, ನೋಡಿ. ಕಲ್ಲು 50ಕ್ಕೆ ಬಂದರೆ ಲೆಕ್ಕ 5.83, ತಕ್ಕಡಿ 5.8.

ಈಗ ಕಲ್ಲನ್ನು ಎರಡರ ಮಧ್ಯಕ್ಕೆ, 62.5ಕ್ಕೆ ತರುತ್ತೇನೆ. ಎಷ್ಟು ಬರಬಹುದು? ನಾನು ಹಿಂದೆ ಒಂದು ಡ್ರಾಯಿಂಗಿನಲ್ಲಿ ಈ ಇನ್‌ಫ್ಲುಯೆನ್ಸ್ ಲೈನನ್ನು ಸೀದಾ ತ್ರಿಕೋನವಾಗಿ ಎಳೆದು, ಮೊಮೆಂಟ್ ತೆಗೆಯುವ ಜಾಯಿಂಟಿನ ಕೆಳಗೇ ಅದರ ತುದಿ ಕೂರಿಸಿದ್ದೆ. ಆ ಲೆಕ್ಕದಲ್ಲಿ 7.29 ಬರಬೇಕು. ತಕ್ಕಡಿ ಹೇಳುತ್ತಿರುವುದು ಬರೀ 6.0.

ಕಲ್ಲು ಟ್ರಸ್ಸಿನ ಮೇಲೆ ಕೂತೇ ಇಲ್ಲವಲ್ಲ! ಕ್ಯಾಮೆರಾ ಹತ್ತಿರ ತರುತ್ತೇನೆ. ಕಲ್ಲಿನ ಕೆಳಗಿರುವುದು ಒಂದು ಮರದ ಪಟ್ಟಿ, ಅದು ಸ್ಟ್ರಿಂಜರ್. ಅದರ ಎರಡು ತುದಿ ಅಡ್ಡ ಸರಳುಗಳ ಮೇಲೆ, ಅವು ಕ್ರಾಸ್ ಗರ್ಡರ್. ಟ್ರಸ್ಸಿಗೆ ಭಾರ ಮುಟ್ಟುವುದು ಈ ಸರಳು ಕೂತಿರುವ ಜಾಯಿಂಟಿನಲ್ಲಿ ಮಾತ್ರ. ಹಾಗಾಗಿ 5 ಕೆ.ಜಿ.ಯಲ್ಲಿ ಅರ್ಧ ಹಿಂದಿನ ಜಾಯಿಂಟಿಗೆ, ಅರ್ಧ ಮುಂದಿನದಕ್ಕೆ. ಹಿಂದಿನ ಜಾಯಿಂಟಿಗೆ ಹೋದ 2.5 ನಾವು ಕತ್ತರಿಸಿದ ಎಡ ಭಾಗದಲ್ಲೇ ಇದೆ, ಮೊಮೆಂಟಿನ ಜಾಯಿಂಟಿನಿಂದ 12.5 ದೂರದಲ್ಲಿ. ಅದು ಎಳೆತದಲ್ಲಿ 1.25 ಕಳೆದುಬಿಡುತ್ತದೆ. ಉಳಿದದ್ದು 6.04. ಅಲ್ಲಿಗೆ ತ್ರಿಕೋನದ ತುದಿ ಕತ್ತರಿಸಿಹೋಗಿ, ಎರಡು ಜಾಯಿಂಟಿನ ನಡುವೆ ಸ್ವಲ್ಪ ಓರೆಯಾದ ಗೆರೆ ಉಳಿಯಿತು. ದೊಡ್ಡ ಬೆಲೆ 75ರಲ್ಲಿ ಇರುವ 6.25.

ತಪ್ಪು ತ್ರಿಕೋನ ಹಿಡಿದರೆ ಏನಾಗುತ್ತೆ? ಸೇತುವೆಯ ಉದ್ದಕ್ಕೂ ಒಂದೇ ಸಮ ತುಂಬಿದ ಭಾರಕ್ಕೆ ಗೆರೆಯ ಕೆಳಗಿನ ವಿಸ್ತೀರ್ಣ ಬೇಕು, ಅದು ಬರೀ 3 ಶೇಕಡಾ ಜಾಸ್ತಿ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಒಂಟಿ ಆಕ್ಸಲ್ ಬಂದಾಗ ಅತಿ ಹೆಚ್ಚಿನ ಬೆಲೆಯೇ 17 ಶೇಕಡಾ ಉಬ್ಬುತ್ತದೆ. ಜೊತೆಗೆ ಲಾರಿಯನ್ನು ಎಲ್ಲಿ ನಿಲ್ಲಿಸಿ ಲೆಕ್ಕ ಹಾಕಬೇಕು ಅನ್ನುವುದೂ ತಪ್ಪುತ್ತದೆ. ಭಾರದ ಚಕ್ರ ನಿಲ್ಲಬೇಕಾದದ್ದು ಜಾಯಿಂಟಿನ ಮೇಲೆ, ನಾನು ನಿಲ್ಲಿಸಿದ್ದು ಎರಡು ಜಾಯಿಂಟಿನ ನಡುವೆ.

ಕೊನೆಯದೊಂದು ಪ್ರಯೋಗ. ಮರದ ಪಟ್ಟಿಗಳನ್ನು ಕಿತ್ತು ಮೇಲಿನ ಜಾಯಿಂಟುಗಳ ಮೇಲೆ ಹಾಸುತ್ತೇನೆ. ಡೆಕ್ ಈಗ ಮೇಲೆ. ಸೇತುವೆ ಅದೇ, ತಕ್ಕಡಿ ಅದೇ ಪಟ್ಟಿಯಲ್ಲಿ. ಕಲ್ಲು ಮತ್ತೆ 62.5ಕ್ಕೆ. ಈ ಸಲ ಅಲ್ಲೇ ಒಂದು ಜಾಯಿಂಟು ಇದೆ ಅಲ್ವಾ, ಭಾರ ಹಂಚಿಹೋಗಲು ದಾರಿ ಇಲ್ಲ. ಅಲುಗಾಡಬೇಡ, ನಿಲ್ಲು... 7.2.