ಕುಕ್ಕರಹಳ್ಳಿ ಕೆರೆಗೆ ಬನ್ನಿ: ಮೊದಲ ಸಲ ಹಕ್ಕಿ ನೋಡುವವರಿಗೆ

[ದೃಶ್ಯ: ಬೆಳಗಿನ ಕೆರೆ, ಏರಿಯ ಮೇಲಿನ ದಾರಿ]

ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿ ನೋಡುವ ನಡಿಗೆ ಇಟ್ಟುಕೊಂಡಿದ್ದೇವೆ. ಇದುವರೆಗೆ ಬೈನಾಕ್ಯುಲರ್ ಮುಟ್ಟಿಯೇ ಇಲ್ಲ ಅನ್ನುವವರಿಗಾಗಿಯೇ ಇದು. ಕಾಗೆ, ಪಾರಿವಾಳ ಬಿಟ್ಟು ಬೇರೆ ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಬನ್ನಿ. ಸರಿಯಾಗಿ 6 ಗಂಟೆಗೆ ಮುಖ್ಯ ಗೇಟಿನ ಹತ್ತಿರ ಸೇರೋಣ, 8:30ಕ್ಕೆ ಮುಗಿಸೋಣ. ಕೆರೆಯನ್ನು ಪೂರ್ತಿ ಸುತ್ತುವುದಿಲ್ಲ. ನಡೆಯುವುದು ಕಡಿಮೆ, ನಿಲ್ಲುವುದು ಜಾಸ್ತಿ.

ಯಾಕೆ ನಿಲ್ಲಬೇಕು? ಒಂದು ಹಕ್ಕಿಯನ್ನು ನೋಡಿದರೆ ಗೊತ್ತಾಗುತ್ತದೆ.

[ದೃಶ್ಯ: ಕೆರೆಯಂಚಿನ ಕೆಸರಿನಲ್ಲಿ ಕೂತ ಕೊಳದ ಬಕ]

ಇದು ಕೊಳದ ಬಕ. ಬೆನ್ನು ಮಣ್ಣಿನ ಬಣ್ಣ, ಕತ್ತಿನ ಮೇಲೆ ಕಂದು ಗೆರೆಗಳು. ಕೆಸರು ಮತ್ತು ಜೊಂಡಿನ ನಡುವೆ ಕೂತರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಹಾರಿದಾಗ ಮಾತ್ರ ರೆಕ್ಕೆ ಅಚ್ಚ ಬಿಳಿ. ಮಾತಾಡುತ್ತಾ ನಡೆದವರಿಗೆ ಸಿಗುವುದು ಆ ಬಿಳಿ ರೆಕ್ಕೆ ಅಷ್ಟೇ. ಬೆಳ್ಳಕ್ಕಿ ಹಾರಿತು ಅಂದುಕೊಂಡು ಮುಂದೆ ಹೋಗುತ್ತಾರೆ.

ಈ ಬಕ ಹಾರುವ ಮುಂಚೆ ಸೂಚನೆ ಕೊಡುತ್ತದೆ. ನೆಮ್ಮದಿಯಾಗಿದ್ದಾಗ ಕತ್ತನ್ನು ಭುಜದೊಳಗೆ ಎಳೆದುಕೊಂಡು, ನೀರನ್ನೇ ನೋಡುತ್ತಾ ಕೂತಿರುತ್ತದೆ. ನಾವು ತೀರಾ ಹತ್ತಿರ ಹೋದರೆ ಕತ್ತು ಮೇಲೆದ್ದು ನೆಟ್ಟಗಾಗುತ್ತದೆ, ನೋಟ ನೀರು ಬಿಟ್ಟು ನಮ್ಮ ಕಡೆ ತಿರುಗುತ್ತದೆ. ಅಲ್ಲೇ ನಿಲ್ಲಿ. ಎರಡು ಹೆಜ್ಜೆ ನಿಧಾನವಾಗಿ ಹಿಂದೆ ಬನ್ನಿ. ಸ್ವಲ್ಪ ಹೊತ್ತು ಸುಮ್ನೆ ಇದ್ದರೆ ಕತ್ತು ಮತ್ತೆ ಒಳಗೆ ಹೋಗುತ್ತದೆ, ಅದು ಮೀನಿಗೆ ಕಾಯಲು ಶುರು ಮಾಡುತ್ತದೆ. ಅದರ ಕೊಕ್ಕು ಮಿಂಚಿನಂತೆ ನೀರಿಗಿಳಿಯುವುದನ್ನು ನೀವು ನೋಡಬೇಕು ಅನ್ನುವುದೇ ನನ್ನ ಆಸೆ.

ನಮ್ಮ ಕಟ್ಟುಪಾಡುಗಳೆಲ್ಲ ಇದಕ್ಕಾಗಿಯೇ. ಫೋನ್ ಸೈಲೆಂಟ್ ಇರಲಿ, ವೈಬ್ರೇಷನ್ ಕೂಡ ಬೇಡ. ಮಾತು ಪಿಸುದನಿಯಲ್ಲಿ. ಹಕ್ಕಿ ಕಂಡ ಕೂಡಲೇ ಕೈ ಚಾಚಿ ತೋರಿಸಬೇಡಿ. ಎಷ್ಟೋ ಸಲ ದನಿಗಿಂತ ಬೀಸುವ ಕೈಯೇ ಹಕ್ಕಿಯನ್ನು ಹಾರಿಸುತ್ತದೆ. ಬದಲಿಗೆ ಗಡಿಯಾರದ ಲೆಕ್ಕದಲ್ಲಿ ಹೇಳಿ. ಮರದ ತುದಿ 12 ಗಂಟೆ, ಬಲಗಡೆಯ ಕೊಂಬೆ 3 ಗಂಟೆ. "ಒಣಮರ, 2 ಗಂಟೆ, ನೀರುಕಾಗೆ" ಅಂದರೆ ಸಾಕು, ಎಲ್ಲರಿಗೂ ಸಿಗುತ್ತದೆ.

[ದೃಶ್ಯ: ದ್ವೀಪದ ಮರಗಳ ಮೇಲೆ ಹೆಜ್ಜಾರ್ಲೆಗಳು]

ಕೆರೆ ನಡುವಿನ ದ್ವೀಪದ ಮರಗಳಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ಗೂಡು ಕಟ್ಟುತ್ತವೆ. ಗಲಾಟೆಗೆ ಬೆದರಿ ತಾಯಿ ಹಕ್ಕಿ ಗೂಡು ಬಿಟ್ಟೆದ್ದರೆ ಮೊಟ್ಟೆಗಳ ಮೇಲೆ ಕಾಗೆ, ಹದ್ದುಗಳ ಕಣ್ಣು ಬೀಳುತ್ತದೆ. ಹಾಗಾಗಿ ಚಪ್ಪಾಳೆ, ಶಿಳ್ಳೆ, ಫೋನಿನಲ್ಲಿ ಹಕ್ಕಿ ಕೂಗು ಹಾಕುವುದು, ಫ್ಲ್ಯಾಶ್ ಯಾವುದೂ ಇಲ್ಲ. ಈ ವಿಷಯದಲ್ಲಿ ನಾವು ಸ್ವಲ್ಪ ಖಡಕ್ಕು.

[ದೃಶ್ಯ: ಮೇಜಿನ ಮೇಲೆ ಬೈನಾಕ್ಯುಲರ್]

ಇನ್ನು ತರಬೇಕಾದ್ದು. ಬೈನಾಕ್ಯುಲರ್ ಇದ್ದರೆ ತನ್ನಿ, ಇಲ್ಲದಿದ್ದರೆ ನಮ್ಮದನ್ನೇ ಹಂಚಿಕೊಂಡು ನೋಡೋಣ, ಇದಕ್ಕಂತಲೇ ಕೊಳ್ಳಬೇಡಿ. ಮುಂದೆ ಕೊಳ್ಳುವುದಾದರೆ 8×42 ಅಂತ ಬರೆದಿರುವುದನ್ನು ನೋಡಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. 12 ಪಟ್ಟಿನದು ಇನ್ನೂ ಒಳ್ಳೆಯದು ಅನ್ನಿಸಬಹುದು. ಆದರೆ ಕೈಯ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲವೂ ಸಾಮಾನ್ಯವಾಗಿ ಕಮ್ಮಿಯಾಗುತ್ತದೆ. ಹೊಸಬರಿಗೆ ಹಕ್ಕಿ ಸಿಗುವುದೇ ಇಲ್ಲ.

ಸರಿ ಮಾಡಿಕೊಳ್ಳುವುದು ಹೀಗೆ. ಎರಡೂ ಕೊಳವೆಗಳನ್ನು ಮಡಚಿ, ಒಂದೇ ದುಂಡು ಚಿತ್ರ ಕಾಣುವಂತೆ ಮಾಡಿ. ಬಲಗಡೆಯ ಗಾಜನ್ನು ಕೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ, ದೂರದ ಒಂದು ಎಲೆ ಎಡಗಣ್ಣಿಗೆ ಸ್ಪಷ್ಟವಾಗಲಿ. ಆಮೇಲೆ ಎಡಗಡೆ ಮುಚ್ಚಿ, ಬಲಗಣ್ಣಿನ ಬಳೆಯನ್ನು ತಿರುಗಿಸಿ ಅದೇ ಎಲೆಯನ್ನು ಸ್ಪಷ್ಟ ಮಾಡಿ. ಮುಂದೆ ನಡುವಿನ ಚಕ್ರ ಒಂದನ್ನೇ ತಿರುಗಿಸಿದರೆ ಸಾಕು. ಕನ್ನಡಕದವರು ಕಣ್ಣಿನ ರಬ್ಬರ್ ಕಪ್ಪನ್ನು ಕೆಳಕ್ಕೆ ಮಡಚಿಕೊಳ್ಳಿ. ಹಕ್ಕಿಯಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ, ಅದನ್ನು ಹಿಡಿದುಕೊಂಡು ಹಕ್ಕಿ ಹುಡುಕಲು ಹೋಗಬೇಡಿ. ಸೂರ್ಯನ ಕಡೆಗಂತೂ ತಿರುಗಿಸಲೇಬೇಡಿ, ಕಣ್ಣು ಹೋಗುತ್ತದೆ. ಸೂರ್ಯ ನಮ್ಮ ಬೆನ್ನಿಗಿರುವ ಹಾಗೆ ನಿಲ್ಲುತ್ತೇವೆ, ಬಣ್ಣಗಳೂ ಆಗಲೇ ಕಾಣುವುದು.

ಬಟ್ಟೆ ಹಸಿರು, ಕಂದು, ಬೂದು ಇರಲಿ. ಬಿಳಿ, ಕೆಂಪು ಬೇಡ. ನಡೆದಾಗ ಸರಸರ ಅನ್ನುವ ಜರ್ಕಿನ್ ಬೇಡ, ಸ್ವೆಟರ್ ಸಾಕು. ಟೋಪಿ, ನೀರಿನ ಬಾಟಲಿ, ಚಿಕ್ಕ ನೋಟ್‌ಬುಕ್, ಪೆನ್ಸಿಲ್. ಮಂಜಿನಲ್ಲಿ ಹಾಳೆ ತೇವವಾದರೂ ಪೆನ್ಸಿಲ್ ಬರೆಯುತ್ತದೆ. ಚಿಪ್ಸ್ ಪ್ಯಾಕೆಟ್ ಬೇಡ, ತಿಂಡಿ ಆಮೇಲೆ ಒಟ್ಟಿಗೆ ತಿನ್ನೋಣ.

12 ಜನರಿಗಷ್ಟೇ ಜಾಗ, ಶುಲ್ಕ ಇಲ್ಲ. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಬರುವವರು ಕಾಮೆಂಟಿನಲ್ಲಿ ಹೆಸರು ಮಾತ್ರ ಬರೆಯಿರಿ, ಫೋನ್ ನಂಬರ್ ಹಾಕಬೇಡಿ. ಜೋರು ಮಳೆ ಬಂದರೆ ಅದರ ಮುಂದಿನ ಭಾನುವಾರ, ಅದೇ ಹೊತ್ತಿಗೆ.