ತವರಿನ ಹೊಲದಾಗ ಅಕ್ಕತಂಗಿಯರ ಪಾಲು

ಕೇಳುಗರಿಗೆ ನಮಸ್ಕಾರ.

ಈ ಹೊತ್ತು ನಾನು ಮಾತಾಡಬೇಕಂತ ಬಂದಿರುವ ವಿಷಯ ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಮನೆಮನೆಯಲ್ಲೂ ಇದೆ. ಆದರೆ ಪಡಸಾಲೆಯಲ್ಲಿ ಕುಳಿತು ಯಾರೂ ಬಾಯಿಬಿಡುವುದಿಲ್ಲ. ಅಪ್ಪನ ಹೊಲದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕೋ, ಬೇಡವೋ? ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಬೇಡ ಅನ್ನುವವರನ್ನು ಕೆಟ್ಟವರು ಅಂತ ಮಾತ್ರ ನಾನು ಅನ್ನಲಾರೆ. ಒಂದು ಕಾಲಕ್ಕೆ ನಾನೂ ಅವರೊಳಗಿನವನೇ.

ನಮ್ಮದು ನವಲಗುಂದದ ಕಡೆ ಹನ್ನೆರಡು ಎಕರೆ ಎರಿ ಹೊಲ, ಅಜ್ಜನಿಂದ ಬಂದದ್ದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ನಾವು ನಾಲ್ಕು ಮಂದಿ: ಅಕ್ಕ, ಅಣ್ಣ, ನಾನು, ತಂಗಿ. ಅವ್ವ ಮೊದಲೇ ತೀರಿಕೊಂಡಿದ್ದಳು, ಅಪ್ಪ 2008ರಲ್ಲಿ ಹೋದ. ಉತಾರದಲ್ಲಿ ನಮ್ಮ ಹೆಸರು ಏರಿಸಬೇಕಲ್ಲ, ಅಕ್ಕತಂಗಿಯರ ಕಡೆಯಿಂದ ಹಕ್ಕು ಬಿಟ್ಟ ಪತ್ರ ಬರೆಸಿಕೊಳ್ಳಿರಿ ಅಂತ ಊರ ಹಿರಿಯರು ಹೇಳಿದರು. ನೋಂದಣಿ ಕಚೇರಿಯ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಪತ್ರ ಬರೆಯುವವರು ಗಡಿಬಿಡಿಯಲ್ಲಿ ಓದಿ ಹೇಳಿದರು. "ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ" ಅಂತ ಅದರಲ್ಲಿತ್ತು. ಅಕ್ಕ ಹೆಬ್ಬೆಟ್ಟು ಒತ್ತಿದಳು, ತಂಗಿ ಸಹಿ ಮಾಡಿದಳು. ಪೆನ್ನು ಕೈಗೆ ಕೊಡುವಾಗ ತಂಗಿ ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು: "ಪಂಚಮಿಗೆ ಕರಿಯಾಕ ಬರ್ತೀರಿಲ್ಲೋ ಯಣ್ಣಾ?"

ಆ ಹೊತ್ತಿಗೆ ನಾನು ನಕ್ಕು "ಬರದೇನ ಮಾಡ್ತೇವ" ಅಂದೆ. ಇಬ್ಬರಿಗೂ ಸೀರಿ, ಕುಬಸ ಕೊಡಿಸಿ ಬಸ್ಸು ಹತ್ತಿಸಿದೆವು. ಆಕೆ ಏನನ್ನು ಕೇಳಿದಳು ಅನ್ನುವುದು ನನಗೆ ತಿಳಿಯಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಹೊಲ ಬಿಡದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಅಂಜಿಕೆ ಆ ಮಾತಿನಲ್ಲಿತ್ತು. ಆ ಅಂಜಿಕೆ ಇರುವ ತನಕ ಸಹಿಯನ್ನು ಖುಷಿಯದು ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಕಾನೂನು ಏನನ್ನುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಹೇಳುತ್ತಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆ. ಲಿಂಗಾಯತರಿಗೆ, ಜೈನರಿಗೆ ಕೂಡ ಇದೇ ಅನ್ವಯ. ಮುಸ್ಲಿಮರ, ಕ್ರಿಶ್ಚಿಯನ್ನರ ಲೆಕ್ಕ ಬೇರೆ.

1956ರ ಕಾಯ್ದೆಯ ಹಳೆಯ ಲೆಕ್ಕದಲ್ಲಿ ಪಿತ್ರಾರ್ಜಿತ ಹೊಲಕ್ಕೆ ಹುಟ್ಟಿನಿಂದ ಹಕ್ಕುದಾರರು ಅಪ್ಪ ಮತ್ತು ಗಂಡುಮಕ್ಕಳು. ನಮ್ಮ ಹನ್ನೆರಡು ಎಕರೆ ಮೂರು ಪಾಲಾದರೆ ಅಪ್ಪನಿಗೆ ನಾಲ್ಕು, ನಮಗೆ ನಾಲ್ಕು ನಾಲ್ಕು. ಅಪ್ಪ ಮೃತ್ಯುಪತ್ರ ಬರೆಯದೆ ತೀರಿದರೆ ಅವನ ನಾಲ್ಕು ಎಕರೆ ನಾಲ್ಕೂ ಮಕ್ಕಳಿಗೆ ಒಂದೊಂದು. ಕಡೆಗೆ ಗಂಡುಮಕ್ಕಳಿಗೆ ಐದೈದು ಎಕರೆ, ಹೆಣ್ಣುಮಕ್ಕಳಿಗೆ ಒಂದೊಂದು. ಹೆಣ್ಣುಮಕ್ಕಳಿಗೆ ಮೊದಲು ಏನೂ ಇರಲಿಲ್ಲ, ಈಗಿನ ಸರಕಾರದವರು ಹೊಸದಾಗಿ ತಂದರು ಅನ್ನುವ ಮಾತು ಹಾಗಾಗಿ ಪೂರ್ತಿ ಖರೆ ಅಲ್ಲ. ಆ ಒಂದು ಎಕರೆಯೂ ಎಷ್ಟೋ ಮನೆಗಳಲ್ಲಿ ಅವರ ಕೈಗೆ ಬರಲಿಲ್ಲ, ಅಷ್ಟೇ.

ನಮ್ಮ ರಾಜ್ಯ 1994ರ ಜುಲೈ 30ರಿಂದ ಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಇಲ್ಲ ಅಂದಿತು. ನಮ್ಮ ಅಕ್ಕನ ಮದುವೆ 1989ರಲ್ಲಿ, ತಂಗಿಯದು 1996ರಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳಿಗೆ ಹಕ್ಕು, ಇನ್ನೊಬ್ಬಳಿಗೆ ಇಲ್ಲ! "ಲಗ್ನ ಆದ ಮ್ಯಾಲೆ ಹಕ್ಕಿಲ್ಲ" ಅನ್ನುವ ಮಾತು ನಮ್ಮ ಕಡೆ ಇನ್ನೂ ಗಟ್ಟಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಬೇಕೋ ಬೇಡವೋ ಅನ್ನುವ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು: ಹಕ್ಕು ಹುಟ್ಟಿನದು, ಅಪ್ಪ ಅಂದು ಬದುಕಿರಬೇಕೆಂದೇನೂ ಇಲ್ಲ. ಈ ಲೆಕ್ಕದಲ್ಲಿ ನಮ್ಮ ಹೊಲ ನಾಲ್ವರಿಗೂ ಮೂರು ಮೂರು ಎಕರೆ.

ಇದಕ್ಕೊಂದು ಮಿತಿಯೂ ಇದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಾಟ್ನಿ ಪತ್ರ ಇದ್ದರೆ, ಅಥವಾ ಕೋರ್ಟಿನ ಡಿಕ್ರಿ ಆಗಿದ್ದರೆ ಅದನ್ನು ಈಗ ಕೆದಕಲು ಬರುವುದಿಲ್ಲ. ಬಿಳಿ ಹಾಳೆಯ ಮೇಲೆ ಪಂಚರು ಬರೆದುಕೊಟ್ಟ ವಾಟ್ನಿಗೆ ಆ ಬಲ ಸಾಮಾನ್ಯವಾಗಿ ಸಿಗುವುದಿಲ್ಲ. ಇನ್ನು ಅಪ್ಪ ಸ್ವಂತ ದುಡಿದು ಕೊಂಡ ಆಸ್ತಿಯನ್ನು ಅವನು ಬೇಕಾದವರಿಗೆ ಬರೆಯಬಹುದು.

ಈಗ ಅಣ್ಣನ ಮಾತಿಗೆ ಬರುತ್ತೇನೆ. ಅಕ್ಕನ ಗಂಡ ಜಡ್ಡಿಗೆ ಬಿದ್ದು, ಸಾಲಕ್ಕೆ ಇಡಲೂ ಆಕೆಯ ಹೆಸರಿನಲ್ಲಿ ಒಂದು ಗುಂಟೆ ಇಲ್ಲದೆ ಆಕೆ ಪಟ್ಟ ಪಾಡು ನೋಡಿದ ಮೇಲೆ, ಕೊಟ್ಟುಬಿಡೋಣ ಅಂತ ನಾನು ಅಣ್ಣನಿಗೆ ಅಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನೀ ಹುಬ್ಬಳ್ಳ್ಯಾಗ ನೌಕರಿ ಮಾಡಾಂವ. ನಾ ಈ ಹೊಲದ ಮ್ಯಾಲೆ ಬದುಕಾಂವ. ಅಪ್ಪನ್ನ ನಾಕ್ ವರ್ಷ ಎತ್ತಿ ಕುಂದ್ರಿಸಿದಾಂವ ನಾ. ಅವರ ಲಗ್ನದ ಸಾಲ ಯಾರು ತೀರಿಸ್ಯಾರ?" ಅಂದ.

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆರು ಎಕರೆ ಒಣ ಬೇಸಾಯ ಮೂರಕ್ಕೆ ಇಳಿದರೆ ಎತ್ತು ಸಾಕುವುದೂ ಕಷ್ಟ. ಸಾಲದ ವಿಷಯದಲ್ಲಿ ಕಾನೂನೂ ಅವನ ಕಡೆ ಸ್ವಲ್ಪ ಇದೆ: ಮಗನಿಗೆ ಇರುವ ಹೊಣೆಯೇ ಮಗಳಿಗೂ ಇದೆ, ಹೊಲದ ಮೇಲಿನ ಮನೆತನದ ಸಾಲದಲ್ಲಿ ಆಕೆಯೂ ಪಾಲುದಾರಳು. ಆದರೆ ಲಗ್ನದ ಖರ್ಚನ್ನೇ ಆಕೆಯ ಪಾಲು ಅಂತ ತೀರಿಸಿಬಿಡಲು ಬರುವುದಿಲ್ಲ. ನನ್ನ ಕಾಲೇಜಿನ ಖರ್ಚನ್ನು ಯಾರೂ ನನ್ನ ಪಾಲಿನಲ್ಲಿ ಮುರಿದುಕೊಳ್ಳಲಿಲ್ಲವಲ್ಲ.

ಅಣ್ಣನಂಥವರಿಗೆ ನಾನು ಹೇಳುವುದು ಇಷ್ಟು. ಹೊಲ ತುಂಡು ಮಾಡಲೇಬೇಕೆಂದಿಲ್ಲ. ಮೊದಲು ಉತಾರದಲ್ಲಿ ನಾಲ್ವರ ಹೆಸರೂ ಬರಲಿ. ಅಣ್ಣನೇ ಹೊಲ ಮಾಡಲಿ, ಬೀಜ, ಗೊಬ್ಬರ, ಆಳಿನ ಖರ್ಚು ಕಳೆದು ಉಳಿದದ್ದರಲ್ಲಿ ಅಕ್ಕತಂಗಿಯರಿಗೆ ಒಂದಿಷ್ಟು ಕಾಳೋ ರೊಕ್ಕವೋ ಮುಟ್ಟಲಿ. ಇಲ್ಲವೇ ಬೆಲೆ ಕಟ್ಟಿ ನಾಲ್ಕೈದು ವರ್ಷದಲ್ಲಿ ಕಂತಿನ ಮೇಲೆ ಕೊಟ್ಟು, ಆಮೇಲೆ ಹಕ್ಕು ಬಿಟ್ಟ ಪತ್ರ ಮಾಡಿಸಿಕೊಳ್ಳಲಿ. ಬೇಡ ಅನ್ನುವ ಹೆಣ್ಣುಮಕ್ಕಳೂ ಇದ್ದಾರೆ, ಅವರ ಮನಸ್ಸು ಅವರದು. ಅಂಥವರು ಪತ್ರವನ್ನು ಮನೆಗೆ ಒಯ್ದು ನಾಲ್ಕು ದಿನ ಇಟ್ಟುಕೊಂಡು, ಎಷ್ಟು ಎಕರೆ ಬಿಡುತ್ತಿದ್ದೇನೆ, ಯಾರಿಗೆ ಬಿಡುತ್ತಿದ್ದೇನೆ ಅನ್ನುವುದನ್ನು ಓದಿ ತಿಳಿದು ಸಹಿ ಮಾಡಲಿ. ಮೋಸ ಆಗಿದೆ ಅಂತ ಪತ್ರ ರದ್ದು ಮಾಡಿಸಬೇಕಾದರೆ ಗೊತ್ತಾದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಹೋದವರ ಮನೆಗಳಲ್ಲಿ ಮಾತುಕತೆ ನಿಂತದ್ದನ್ನೂ ನಾನು ನೋಡಿದ್ದೇನೆ.

ನನ್ನ ಪಾಲಿಗೆ ಬಂದಿದ್ದ ಆರು ಎಕರೆಯಲ್ಲಿ ಮೂರನ್ನು 2021ರಲ್ಲಿ ದಾನಪತ್ರ ಮಾಡಿ ಅಕ್ಕತಂಗಿಯರಿಗೆ ಒಂದೂವರೆ ಎಕರೆಯಂತೆ ಕೊಟ್ಟೆ. ಅವರಿಗೆ ಬರಬೇಕಾದುದರಲ್ಲಿ ಅದು ಅರ್ಧ. ಅಣ್ಣ ಇನ್ನೂ ಒಪ್ಪಿಲ್ಲ, ನಾನು ಜುಲುಮಿ ಮಾಡಿಲ್ಲ. ಪಂಚಮಿಗೆ ಅವರನ್ನು ಕರೆದುಕೊಂಡು ಬರಲು ಮಾತ್ರ ಪ್ರತಿ ವರ್ಷ ಅವನೇ ಹೋಗುತ್ತಾನೆ. ಉಂಡಿ ಕಟ್ಟಿ, ಜೋಕಾಲಿ ಹಾಕಿ, ಎಲ್ಲರೂ ಒಂದೇ ಪಂಕ್ತಿಗೆ ಕೂರುತ್ತೇವೆ.

ಮೊದಲು ಅಕ್ಕ ಫೋನ್ ಮಾಡಿದರೆ, "ನಿಮ್ಮ ಕಡೆ ಮಳಿ ಹೆಂಗೈತಿ?" ಅಂತ ಕೇಳುತ್ತಿದ್ದಳು. ಈ ಸಲ ರೋಹಿಣಿ ಮಳೆ ಬಿದ್ದ ರಾತ್ರಿ ಫೋನ್ ಬಂತು. "ತಮ್ಮಾ, ನಮ್ಮ ಹೊಲ ಹದಾ ಆತೇನ? ಹೆಸರು ಬಿತ್ತೂಣೇನ?"

ನಮಸ್ಕಾರ.